ತರಬೇತಿಗೆ ಒಬ್ಬರು ಬೇಕಾಗಿದ್ದಾರೆ



ಬೆಳಗಾವಿಯ ಉದ್ಯಮಬಾಗದಲ್ಲಿ ಚಿಕ್ಕದೊಂದು ಲೇಥ್ ಕಾರ್ಖಾನೆಯನ್ನು ನಡೆಸುತ್ತಿರುವ ಗೃಹಸ್ಥರೊಬ್ಬರು ಒಂದು ಸಂಜೆ ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಗುರುಗಳೇ, ಇದರೊಳಗಿನ ಕನ್ನಡ ಸ್ವಲ್ಪ ತಿದ್ದಿ ಕೊಡ್ರಿ. ನಾಳೆ ಅಚ್ಚಿಗೆ ಕೊಡಬೇಕಾಗೇತಿ" ಎಂದರು. ಕಾಗದದಲ್ಲಿ ಇಷ್ಟೇ ಇತ್ತು: "ತರಬೇತಿಗೆ ಹುಡುಗರು ಬೇಕಾಗಿದ್ದಾರೆ. ಪ್ರಾಮಾಣಿಕರು, ಕಷ್ಟಸಹಿಷ್ಣುಗಳು ಮಾತ್ರ ಸಂಪರ್ಕಿಸಿರಿ. ಯೋಗ್ಯತೆಗೆ ತಕ್ಕ ಸಂಬಳ. ಕೂಡಲೇ ಫೋನ್ ಮಾಡಿರಿ."

ಕನ್ನಡದಲ್ಲಿ ತಿದ್ದುವಂಥ ತಪ್ಪೇನೂ ಇರಲಿಲ್ಲ. ಆದರೂ ಆ ನಾಲ್ಕು ವಾಕ್ಯಗಳನ್ನು ಓದಿದ ಮೇಲೆ ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ, ಅಲ್ಲಿಗೆ ಹೋದವನು ಏನನ್ನು ಕಲಿಯುತ್ತಾನೆ, ತಿಂಗಳ ಕೊನೆಗೆ ಅವನ ಕೈಗೆ ಎಷ್ಟು ಬರುತ್ತದೆ ಎಂಬ ಯಾವ ಸಂಗತಿಯೂ ನನಗೆ ತಿಳಿಯಲಿಲ್ಲ. "ಪ್ರಾಮಾಣಿಕರು ಮಾತ್ರ" ಎಂಬ ಮಾತನ್ನು ಓದಿ, ತಾನು ಪ್ರಾಮಾಣಿಕನಲ್ಲವೆಂದು ಹಿಂದೆ ಸರಿಯುವವನು ಲೋಕದಲ್ಲಿ ಯಾರಿದ್ದಾನೆ? ಎಲ್ಲರೂ ತಮಗೆ ತಾವೇ ಹಚ್ಚಿಕೊಳ್ಳಬಲ್ಲ ವಿಶೇಷಣಗಳು ಯಾರನ್ನೂ ಆರಿಸಿ ಕೊಡುವುದಿಲ್ಲ.

ಇದೇ ಒಕ್ಕಣೆಯನ್ನು ಅವರು ಹಿಂದಿನ ವರ್ಷವೂ ಹಂಚಿದ್ದರಂತೆ. ಫೋನುಗಳು ಬೇಕಾದಷ್ಟು ಬಂದವು. ಕೊನೆಗೆ ಇಬ್ಬರು ಸೇರಿದರು. ಮೊದಲನೆಯವನು ಕಂಪ್ಯೂಟರಿನಿಂದ ನಡೆಯುವ ಸಿ.ಎನ್.ಸಿ. ಯಂತ್ರದ ಮುಂದೆ ಕುಳಿತು ಕೆಲಸ ಮಾಡುವುದೆಂದು ಭಾವಿಸಿ ಬಂದಿದ್ದ. ಇಲ್ಲಿ ಇರುವವು ಕೈಯಿಂದ ನಡೆಸುವ ಮೂರು ಲೇಥುಗಳು. ದಿನವಿಡೀ ನಿಂತೇ ಮಾಡುವ ಕೆಲಸ. ಅವನು ಹನ್ನೊಂದನೆಯ ದಿನ ಬರಲಿಲ್ಲ. ಎರಡನೆಯವನು ಎರಡೂವರೆ ತಿಂಗಳು ಇದ್ದ. ಅಷ್ಟು ದಿನವೂ ಅವನಿಗೆ ದೊರೆತದ್ದು ಕಸ ಗುಡಿಸುವುದು, ಚಹ ತರುವುದು, ಗಾಡಿಯಿಂದ ಎರಕದ ತುಂಡುಗಳನ್ನು ಇಳಿಸುವುದು. ಲೇಥಿನ ಹಿಡಿಯನ್ನು ಅವನು ಒಮ್ಮೆಯೂ ಮುಟ್ಟಲಿಲ್ಲ. ಬಿಟ್ಟು ಹೋಗುವ ಹೊತ್ತಿಗೆ ಐ.ಟಿ.ಐ. ಪ್ರವೇಶದ ಅವಧಿ ಮುಗಿದಿತ್ತು. ಟರ್ನರ್ ವಿಭಾಗಕ್ಕೆ ಅರ್ಜಿ ಹಾಕಬೇಕೆಂದಿದ್ದವನು "ಇಲ್ಲೇ ಕಲಿಯುತ್ತೇನೆ, ಸಂಬಳವೂ ಬರುತ್ತದೆ" ಎಂದು ಅದನ್ನು ಕೈಬಿಟ್ಟು ಬಂದಿದ್ದನಂತೆ. ಯಜಮಾನರಿಗೆ ನಷ್ಟವಾದದ್ದು ಎರಡು ತಿಂಗಳ ಸಂಬಳ. ಆ ಹುಡುಗನಿಗೆ ಒಂದು ವರ್ಷ.

"ಹುಡುಗ್ರು ಬರ್ತಾರ್ರಿ, ಆದ್ರ ನಿಲ್ಲಂಗಿಲ್ಲ" ಎಂದು ಯಜಮಾನರು ನಿಟ್ಟುಸಿರಿಟ್ಟರು. ಕಾರ್ಖಾನೆಯನ್ನು ಕಣ್ಣಾರೆ ನೋಡದೆ ಈ ಪ್ರಕಟಣೆಯನ್ನು ಬರೆಯಲಾಗದೆಂದು ಹೇಳಿ, ಮರುದಿನ ಅರ್ಧ ದಿನ ಅಲ್ಲಿಯೇ ಒಂದು ಸ್ಟೂಲಿನ ಮೇಲೆ ಕುಳಿತೆ.

ಕೆಲಸವೆಂದರೆ ಇಷ್ಟು. ಎರಕದ ಕಾರ್ಖಾನೆಗಳಿಂದ ಬರುವ ತುಂಡುಗಳನ್ನು ಲೇಥಿನ ಚಕ್ಕಿನಲ್ಲಿ ಬಿಗಿದು, ತಿರುಗಿಸಿ, ಟೂಲಿನಿಂದ ಕೊರೆದು ಪಂಪಿನ ಬುಷ್ಷು, ಶಾಫ್ಟುಗಳನ್ನು ಅಳತೆಗೆ ತರಬೇಕು. ಅಳತೆಯೇ ಇಲ್ಲಿ ಸರ್ವಸ್ವ. ಬುಷ್ಷಿನ ತೂತು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಹೆಚ್ಚು ಕೊರೆದುಹೋದರೆ ಶಾಫ್ಟು ಅದರಲ್ಲಿ ಅಲುಗಾಡುತ್ತದೆ. ಆ ತುಂಡು ಗುಜರಿಗೆ. ಕಡಿಮೆ ಕೊರೆದಿದ್ದರೆ ಮತ್ತೆ ಕೊರೆಯಬಹುದು, ಹೆಚ್ಚು ಕೊರೆದದ್ದನ್ನು ತುಂಬಿ ಕೊಡುವ ಉಪಾಯವಿಲ್ಲ. ಹಾಗಾಗಿ ಕಲಿಯುವವನಿಗೆ ತೋಳಬಲಕ್ಕಿಂತ ಮೊದಲು ಬೇಕಾದದ್ದು ಇದ್ದುದನ್ನು ಇದ್ದ ಹಾಗೆ ಓದಿ ಹೇಳುವ ಗುಣ. ಕೆಟ್ಟ ತುಂಡನ್ನು ಒಳ್ಳೆಯವುಗಳ ರಾಶಿಯಲ್ಲಿ ಮುಚ್ಚಿಟ್ಟರೆ ಅದು ಗಿರಾಕಿಯ ಮನೆಯಲ್ಲಿ ಪತ್ತೆಯಾಗುತ್ತದೆ. ಆ ದಿನ ಹಿಂದಿರುಗಿ ಬರುವುದು ಒಂದು ತುಂಡಲ್ಲ, ಇಡೀ ರಾಶಿ.

ಇನ್ನೊಂದು ಸಂಗತಿಯೂ ಅಲ್ಲಿ ಕುಳಿತಾಗ ಕಣ್ಣಿಗೆ ಬಿತ್ತು. ಅಲ್ಲಿನ ಹಿರಿಯ ಟರ್ನರಿಗೆ ಕೂಲಿ ಸಿಗುವುದು ತುಂಡಿನ ಲೆಕ್ಕದಲ್ಲಿ. ಹೊಸಬನ ಪಕ್ಕದಲ್ಲಿ ಒಂದು ಗಂಟೆ ನಿಂತು ಕಲಿಸಿದರೆ ಆ ಗಂಟೆಯ ತುಂಡುಗಳು ತಪ್ಪುತ್ತವೆ. ಅಂದರೆ ಕಲಿಸುವ ಖರ್ಚು ಅವರ ಜೇಬಿನಿಂದಲೇ ಹೋಗುತ್ತದೆ. ಹೀಗಿರುವಾಗ ಅವರು ಹುಡುಗನನ್ನು ಚಹಕ್ಕೆ ಕಳಿಸದೆ ಇನ್ನೇನು ಮಾಡಿಯಾರು? ಹಿಂದಿನ ವರ್ಷದ ಹುಡುಗ ಎರಡೂವರೆ ತಿಂಗಳು ಗುಡಿಸುತ್ತಲೇ ಉಳಿದದ್ದಕ್ಕೆ ಕಾರಣ ಅವನ ಸೋಮಾರಿತನವೂ ಆಗಿರಲಿಲ್ಲ, ಹಿರಿಯರ ಗರ್ವವೂ ಆಗಿರಲಿಲ್ಲ. ಈ ಲೆಕ್ಕವನ್ನು ಸರಿಪಡಿಸದೆ "ತರಬೇತಿ" ಎಂಬ ಶಬ್ದವನ್ನು ಅಚ್ಚು ಹಾಕಿಸುವುದು ಸುಳ್ಳಾಗುತ್ತದೆ ಎಂದು ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ದಿನಕ್ಕೊಂದು ಗಂಟೆ ಕಲಿಸುವುದಕ್ಕಾಗಿ ಹಿರಿಯ ಟರ್ನರಿಗೆ ತುಂಡಿನ ಲೆಕ್ಕದ ಹೊರಗೆ ಬೇರೆ ಹಣ ಕೊಡುವುದೆಂದು ಒಪ್ಪಿದರು. ಪ್ರಕಟಣೆಯ ಮೊದಲ ಸಾಲು ಬರೆಯಲು ಸಾಧ್ಯವಾದದ್ದು ಅದಾದ ಮೇಲೆಯೇ.

ಬಳಿಕ ಕಲಿಕೆಯ ಕ್ರಮವನ್ನು ಕೇಳಿ ಬರೆದುಕೊಂಡೆ. ಮೊದಲ ತಿಂಗಳು ಉಪಕರಣಗಳ ಹೆಸರು, ಯಂತ್ರವನ್ನು ಶುಚಿಗೊಳಿಸಿ ಎಣ್ಣೆ ಬಿಡುವುದು, ವರ್ನಿಯರ್ ಕ್ಯಾಲಿಪರಿನಿಂದ ಅಳೆಯುವುದು. ಎರಡು ಮತ್ತು ಮೂರನೆಯ ತಿಂಗಳು ಗರಗಸ, ಅರ, ಡ್ರಿಲ್. ನಾಲ್ಕನೆಯ ತಿಂಗಳಿನಿಂದ ಲೇಥಿನ ಮೇಲೆ ತುಂಡಿನ ಮುಖ ಸಮಗೊಳಿಸುವುದು ಮತ್ತು ಮೈ ತಿರುಗಿಸಿ ಕೊರೆಯುವುದು, ಹಿರಿಯರು ಪಕ್ಕದಲ್ಲಿದ್ದಾಗ ಮಾತ್ರ. ವರ್ಷದ ಉತ್ತರಾರ್ಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆಯುವುದು ಮತ್ತು ಒಳತೂತನ್ನು ಅಳತೆಗೆ ತರುವುದು. ಎರಡನೆಯ ವರ್ಷ ಮರೆ ಕೊರೆಯುವುದು, ಟೂಲನ್ನು ತಾನೇ ಮಸೆದುಕೊಳ್ಳುವುದು, ನಕ್ಷೆ ಓದುವುದು. ಮರೆ ಕೊರೆಯುವುದನ್ನು ಇಷ್ಟು ತಡವಾಗಿ ಏಕೆ ಕಲಿಸುತ್ತೀರಿ ಎಂದು ಕೇಳಿದೆ. ಮರೆಯ ಗೀರು ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಯುವುದಿಲ್ಲ. ಟೂಲು ಹಿಂದೆ ಬಂದು ಅದೇ ಗೀರಿನಲ್ಲಿ ಮತ್ತೆ ಮತ್ತೆ ಹಾದು ಸ್ವಲ್ಪ ಸ್ವಲ್ಪವೇ ಆಳವಾಗಬೇಕು. ಒಂದು ಸಲ ಸನ್ನೆಗೋಲನ್ನು ತಪ್ಪು ಕ್ಷಣದಲ್ಲಿ ಒತ್ತಿದರೂ ಟೂಲು ಗೀರಿನ ಪಕ್ಕದ ಏಣಿನ ಮೇಲೆ ಹರಿದು ಅದುವರೆಗಿನ ಕೆಲಸವೆಲ್ಲ ಹಾಳಾಗುತ್ತದೆ. ಕೈ ಹದಗೊಳ್ಳದೆ ಅದನ್ನು ಕೊಡಲಾಗದು. ಈ ಕ್ರಮ ಮೊದಲೇ ತಿಳಿದಿದ್ದರೆ, ಮೂರನೆಯ ತಿಂಗಳಲ್ಲಿ ಅರ ಹಿಡಿದು ನಿಂತ ಹುಡುಗನು ತನ್ನನ್ನು ಮರೆತುಬಿಟ್ಟಿದ್ದಾರೆಂದು ಕೊರಗುವುದಿಲ್ಲ. ಆರನೆಯ ತಿಂಗಳಿಗೂ ಲೇಥ್ ದೊರೆಯದಿದ್ದರೆ ಕೇಳುವ ಹಕ್ಕೂ ಅವನಿಗಿರುತ್ತದೆ.

ಹಣದ ಮಾತಿಗೆ ಬಂದಾಗ ಯಜಮಾನರು ಹಿಂಜರಿದರು. ಮೊತ್ತವನ್ನು ಬರೆದರೆ ಪಕ್ಕದ ಕಾರ್ಖಾನೆಯವರು ಓದುತ್ತಾರೆ ಎಂಬುದು ಅವರ ಅಂಜಿಕೆ. ಆದರೆ "ಯೋಗ್ಯತೆಗೆ ತಕ್ಕ" ಎಂಬುದನ್ನು ಓದಿದ ತಂದೆಯೊಬ್ಬನು ಮಗನ ಬಸ್ಸಿನ ಪಾಸು, ಮಧ್ಯಾಹ್ನದ ಊಟ ಎರಡನ್ನೂ ಕಳೆದು ಮನೆಗೆ ಎಷ್ಟು ಉಳಿದೀತೆಂದು ಲೆಕ್ಕ ಹಾಕಲಾರ. ಲೆಕ್ಕ ಹಾಕಲಾಗದವನು ಅಂದಾಜಿನ ಮೇಲೆ ಕಳಿಸುತ್ತಾನೆ. ಅಂದಾಜು ತಪ್ಪಿದ ತಿಂಗಳು ಮಗನನ್ನು ಬಿಡಿಸುತ್ತಾನೆ.

ಇದರಲ್ಲಿ ಕಾನೂನಿನ ಅಂಶವೂ ಉಂಟು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ತರಬೇತಿಗೆ ಸೇರುವವನೊಡನೆ ಲಿಖಿತ ಒಪ್ಪಂದವಾಗಿ ಅದು ನೋಂದಣಿಯಾಗಬೇಕು. ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿಯು 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದನ್ನು ಕಡ್ಡಾಯಗೊಳಿಸಿ, 4ರಿಂದ 29 ಜನರಿರುವ ಸಂಸ್ಥೆಗಳಿಗೆ ಅದನ್ನು ಇಚ್ಛೆಗೆ ಬಿಟ್ಟಿತು. ಆರು ಜನರ ಈ ಕಾರ್ಖಾನೆಯೂ ಹಾಗಾಗಿ ಆ ದಾರಿಯಲ್ಲಿ ಹೋಗಬಹುದು. ಕನಿಷ್ಠ ಶಿಷ್ಯವೇತನವನ್ನು ನಿಯಮಗಳೇ ಗೊತ್ತುಪಡಿಸುತ್ತವೆ. ಆ ದರ ಆಗಾಗ ಪರಿಷ್ಕರಣೆಗೆ ಒಳಗಾಗುವುದರಿಂದ ಪ್ರಕಟಣೆ ಬರೆಯುವ ದಿನವೇ ಅದನ್ನು ನೋಡಿಕೊಳ್ಳಬೇಕು. ಒಪ್ಪಂದವಿಲ್ಲದೆ "ತರಬೇತಿ" ಎಂಬ ಹೆಸರಿನಲ್ಲಿ ಪೂರ್ಣ ಕೆಲಸ ಮಾಡಿಸಿಕೊಂಡರೆ ಕೂಲಿಯ ತಕರಾರಿಗೆ ಎಡೆಯಾಗುತ್ತದೆ. ಹುಡುಗ ಬಿಟ್ಟು ಹೋಗದಂತೆ ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವ ರೂಢಿಯೊಂದು ಕೆಲವೆಡೆ ಇದೆ. ಅದನ್ನು ಬಿಡಬೇಕೆಂದೆ, ನಕಲು ಪ್ರತಿ ಸಾಕು. ಯಜಮಾನರು ಎರಡಕ್ಕೂ ಒಪ್ಪಿದರು.

ಇನ್ನು ಆರಿಸುವ ಬಗೆ. "ಕೂಡಲೇ ಫೋನ್ ಮಾಡಿರಿ" ಎಂಬುದನ್ನು ತೆಗೆದೆವು. ಫೋನ್ ಮಾಡುವುದಕ್ಕೆ ಅರೆ ನಿಮಿಷ ಸಾಕು. ಅಷ್ಟರಿಂದ ಆಸಕ್ತಿ ತಿಳಿಯುವುದಿಲ್ಲ. ಅದರ ಬದಲು, ತನ್ನ ಕೈಬರಹದಲ್ಲಿ ಅರ್ಧ ಪುಟ ಬರೆದುಕೊಂಡು ತಾನೇ ಬರಬೇಕೆಂದು ಇಟ್ಟೆವು. ಬರವಣಿಗೆಯ ಸೊಗಸನ್ನು ನೋಡುವುದಕ್ಕಾಗಿ ಅಲ್ಲ. ಒಂದು ಸಂಜೆ ಕುಳಿತು ಬರೆದು, ಮರುದಿನ ಬಸ್ಸು ಹತ್ತಿ ಬರುವಷ್ಟು ಮನಸ್ಸು ಇದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಆ ಬಸ್ಸು ಪ್ರತಿದಿನ ಹಿಡಿಯಲು ಸಾಧ್ಯವೇ ಎಂಬುದು ಅವನಿಗೂ ತಿಳಿಯುತ್ತದೆ. ಹೀಗೆ ಸಿದ್ಧವಾದ ಪ್ರಕಟಣೆಯನ್ನು, ಹೆಸರು ವಿಳಾಸಗಳನ್ನು ಬಿಟ್ಟು, ಇಲ್ಲಿ ಕೊಡುತ್ತೇನೆ.

"ಲೇಥ್ ಕೆಲಸ ಕಲಿಯಲು ಒಬ್ಬರು ಬೇಕಾಗಿದ್ದಾರೆ.

ಕಾರ್ಖಾನೆ: ಉದ್ಯಮಬಾಗ, ಬೆಳಗಾವಿ. ಕೈಯಿಂದ ನಡೆಸುವ ಮೂರು ಲೇಥುಗಳಿವೆ, ಸಿ.ಎನ್.ಸಿ. ಯಂತ್ರವಿಲ್ಲ. ಪಂಪಿನ ಬುಷ್ ಮತ್ತು ಶಾಫ್ಟುಗಳನ್ನು ತಯಾರಿಸುತ್ತೇವೆ.

ಯಾರು ಬರಬಹುದು: 18 ವರ್ಷ ತುಂಬಿದ, 10ನೆಯ ತರಗತಿ ಪಾಸಾದ ಯುವಕ ಅಥವಾ ಯುವತಿ. ಅನುಭವ ಬೇಕಿಲ್ಲ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಿದೆ. ಮಚ್ಛೆ, ಪೀರನವಾಡಿ, ಖಾನಾಪುರ ರಸ್ತೆಯ ಊರುಗಳವರಿಗೆ ಮೊದಲ ಆದ್ಯತೆ; ಬೆಳಿಗ್ಗೆ 9ಕ್ಕೆ ಕಾರ್ಖಾನೆಯಲ್ಲಿ ಇರಬೇಕು.

ಕೆಲಸದ ವೇಳೆ: 9ರಿಂದ 5-30, ನಡುವೆ ಅರ್ಧ ಗಂಟೆ ಊಟಕ್ಕೆ ಬಿಡುವು. ಭಾನುವಾರ ರಜೆ. ನಿಂತು ಮಾಡುವ ಕೆಲಸ, ಕೈಗೆ, ಬಟ್ಟೆಗೆ ಎಣ್ಣೆಯಾಗುತ್ತದೆ, ಸದ್ದು ಇರುತ್ತದೆ.

ಕಲಿಕೆ: ಅವಧಿ 2 ವರ್ಷ. ದಿನಕ್ಕೆ ಒಂದು ಗಂಟೆ ಹಿರಿಯ ಟರ್ನರ್ ಕಲಿಸುತ್ತಾರೆ. ಮೊದಲ 3 ತಿಂಗಳು ಅಳತೆ, ಅರ, ಡ್ರಿಲ್. 4ನೆಯ ತಿಂಗಳಿನಿಂದ ಲೇಥ್. ಎರಡನೆಯ ವರ್ಷ ಮರೆ ಕೊರೆಯುವುದು, ಟೂಲ್ ಮಸೆಯುವುದು, ನಕ್ಷೆ ಓದುವುದು. ದಿನದ ಕೊನೆಯ ಅರ್ಧ ಗಂಟೆ ಎಲ್ಲರೂ ಸೇರಿ ಶುಚಿಗೊಳಿಸುತ್ತೇವೆ.

ಶಿಷ್ಯವೇತನ: ಮೊದಲ ವರ್ಷ ತಿಂಗಳಿಗೆ ರೂ. 9,000, ಎರಡನೆಯ ವರ್ಷ ರೂ. 10,500. ಅಪ್ರೆಂಟಿಸ್ ಒಪ್ಪಂದವನ್ನು ನೋಂದಾಯಿಸುತ್ತೇವೆ. ಠೇವಣಿ ಇಲ್ಲ. ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುವುದಿಲ್ಲ.

ಸುರಕ್ಷತೆ: ಕಣ್ಣಿಗೆ ಕನ್ನಡಕ ನಾವು ಕೊಡುತ್ತೇವೆ. ಉಂಗುರ, ಬಳೆ, ಸಡಿಲ ತೋಳು, ಕೈಗವಸು ಹಾಕಿಕೊಂಡು ಲೇಥಿನ ಮುಂದೆ ನಿಲ್ಲುವಂತಿಲ್ಲ. ಉದ್ದ ಕೂದಲನ್ನು ಕಟ್ಟಿರಬೇಕು. ಕೊರಳಿನ ದಾರ, ಸರ ಗುಂಡಿ ಹಾಕಿದ ಅಂಗಿಯ ಒಳಗಿರಬೇಕು.

ಅರ್ಜಿ: ಈ ಕೆಲಸವನ್ನು ಏಕೆ ಕಲಿಯಬೇಕೆಂದಿದ್ದೀರಿ ಎಂಬುದನ್ನು ನಿಮ್ಮ ಕೈಬರಹದಲ್ಲಿ ಅರ್ಧ ಪುಟ ಬರೆದುಕೊಂಡು, ಅಂಕಪಟ್ಟಿಯ ನಕಲಿನೊಂದಿಗೆ ಸೋಮವಾರದಿಂದ ಶನಿವಾರದವರೆಗೆ ಸಂಜೆ 4ಕ್ಕೆ ಬರಬೇಕು. ತಂದೆತಾಯಿಗಳೂ ಬಂದು ನೋಡಬಹುದು. ಅಳತೆಯ ಚಿಕ್ಕ ಪರೀಕ್ಷೆ ಇರುತ್ತದೆ. ಅದನ್ನು ಅಲ್ಲಿಯೇ ಹೇಳಿಕೊಡುತ್ತೇವೆ. ಆಯ್ಕೆಯಾಗದವರಿಗೂ ಒಂದು ವಾರದೊಳಗೆ ತಿಳಿಸುತ್ತೇವೆ."

ಸುರಕ್ಷತೆಯ ಸಾಲುಗಳ ವಿಷಯವಾಗಿ ಎರಡು ಮಾತು. ಕೈಗವಸು ಕೈಯನ್ನು ಕಾಯುತ್ತದೆಂದು ನಾವು ತಿಳಿಯುತ್ತೇವೆ. ಆದರೆ ತಿರುಗುವ ಚಕ್ಕು ಅದರ ಒಂದು ನೂಲನ್ನು ಹಿಡಿದರೂ ಕೈಯನ್ನೇ ಸೆಳೆದುಕೊಳ್ಳುತ್ತದೆ. ಲೇಥಿನ ಮುಂದೆ ಬರಿಗೈಯೇ ಕ್ಷೇಮ. ಕೊರಳಿನ ದಾರದ ಮಾತು ನಮ್ಮ ಮನೆಗಳ ಮಕ್ಕಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಶಿವದಾರದಲ್ಲಿ ಕರಡಿಗೆಯನ್ನು ಧರಿಸಿದವರು ಬಾಗಿ ಕೆಲಸ ಮಾಡುವಾಗ ಅದು ಹೊರಗೆ ಜೋತು ಬೀಳುತ್ತದೆ. ಅದನ್ನು ತೆಗೆದಿಡು ಎಂದು ಯಾರೂ ಹೇಳಬೇಕಾಗಿಲ್ಲ. ಒಳಗೆ ಸೇರಿಸಿ, ಅಂಗಿಯ ಮೇಲಿನ ಗುಂಡಿಯವರೆಗೆ ಹಾಕಿಕೊಂಡರಾಯಿತು.

ಪ್ರಕಟಣೆಯನ್ನು ಐ.ಟಿ.ಐ.ಯ ಫಲಕಕ್ಕೆ, ಎರಡು ಊರುಗಳ ಪಂಚಾಯತಿಗೆ, ಹಾಲಿನ ಡೇರಿಗೆ, ಹಿಟ್ಟಿನ ಗಿರಣಿಗೆ ಹಚ್ಚಲಾಯಿತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಬಂದವರು ತೀರ ಕಡಿಮೆ. ಒಟ್ಟು ಏಳು ಜನ. ಯಜಮಾನರು ಮೊದಲು ಕಳವಳಗೊಂಡರು. ಆದರೆ ಏಳು ಜನರಲ್ಲಿ ಒಬ್ಬರೂ "ಸಂಬಳ ಎಷ್ಟು, ಏನು ಕೆಲಸ?" ಎಂದು ಕೇಳಲಿಲ್ಲ. ಅವರು ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು: ಎರಡು ವರ್ಷದ ನಂತರ ಇಲ್ಲಿಯೇ ಇರಬೇಕೇ? ಹಬ್ಬಕ್ಕೆ ರಜೆ ಎಷ್ಟು? ಒಬ್ಬ ತಾಯಿ ಲೇಥಿನ ಪಕ್ಕದಲ್ಲಿ ಹತ್ತು ನಿಮಿಷ ನಿಂತು ನೋಡಿ, ಮಗನನ್ನು ಕರೆದುಕೊಂಡು ಹೊರಟು ಹೋದರು. ಅವನಿಗೆ ಉಬ್ಬಸವಿತ್ತಂತೆ. ಅದೂ ಪ್ರಕಟಣೆಯಿಂದಾದ ಉಪಕಾರವೇ.

ಪರೀಕ್ಷೆ ಹೀಗಿತ್ತು. ವರ್ನಿಯರ್ ಕ್ಯಾಲಿಪರಿನಲ್ಲಿ ಮುಖ್ಯ ಪಟ್ಟಿಯು ಮಿಲಿಮೀಟರುಗಳನ್ನು ತೋರಿಸುತ್ತದೆ. ಜಾರುವ ಚಿಕ್ಕ ಪಟ್ಟಿಯಲ್ಲಿ 50 ಗೆರೆಗಳ ಅಂತರಗಳಿದ್ದು ಒಂದೊಂದರ ಬೆಲೆ 0.02 ಮಿ.ಮೀ. ತುಂಡನ್ನು ಹಿಡಿದಾಗ ಚಿಕ್ಕ ಪಟ್ಟಿಯ ಸೊನ್ನೆಯು 24ನ್ನು ದಾಟಿ, ಅದರ 17ನೆಯ ಗೆರೆಯು ಮೇಲಿನ ಯಾವುದಾದರೂ ಗೆರೆಗೆ ನೇರವಾಗಿ ಕೂಡಿದರೆ, 17ನ್ನು 0.02ರಿಂದ ಗುಣಿಸಿ 0.34, ಒಟ್ಟು ಅಳತೆ 24.34 ಮಿ.ಮೀ. ಇದನ್ನು ಒಮ್ಮೆ ತೋರಿಸಿ, ಮೂರು ತುಂಡುಗಳನ್ನು ಕೊಟ್ಟು ಅಳೆದು ಬರೆಯಲು ಹೇಳುತ್ತಿದ್ದರು. ಬಳಿಕ ಮೊದಲನೆಯ ತುಂಡನ್ನೇ ಮತ್ತೆ ಕೊಡುತ್ತಿದ್ದರು. ಹೊಸಬರು ಕ್ಯಾಲಿಪರಿನ ದವಡೆಗಳನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಹಿಡಿಯುವುದರಿಂದ ಎರಡು ಸಲದ ಅಳತೆ ಬಹುಮಟ್ಟಿಗೆ ಬೇರೆಯಾಗುತ್ತದೆ. ಅದು ದೋಷವಲ್ಲ, ಯಜಮಾನರು ನೋಡುತ್ತಿದ್ದುದು ಆಮೇಲಿನದನ್ನು. ಮೂವರು ತಮ್ಮ ಮೊದಲಿನ ಸಂಖ್ಯೆಯನ್ನು ಓರೆನೋಟದಿಂದ ನೋಡಿ ಅದನ್ನೇ ಮತ್ತೆ ಬರೆದರು. ಕೊನೆಯ ಪ್ರಶ್ನೆ ಲೆಕ್ಕದ್ದು: 32 ಮಿ.ಮೀ. ವ್ಯಾಸದ ಕಂಬಿಯನ್ನು 28ಕ್ಕೆ ಇಳಿಸಬೇಕಾದರೆ ಟೂಲು ಎಷ್ಟು ಒಳಗೆ ಹೋಗಬೇಕು? 4 ಎಂದು ಹೇಳಿದವರೇ ಹೆಚ್ಚು. ತುಂಡು ತಿರುಗುತ್ತಿರುವುದರಿಂದ ಸುತ್ತಲೂ ಸವೆಯುತ್ತದೆ. ಹಾಗಾಗಿ ಒಳಗೆ ಹೋಗಬೇಕಾದದ್ದು 2 ಮಾತ್ರ.

ಪೀರನವಾಡಿಯ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನೂ 4 ಎಂದೇ ಹೇಳಿದ. ಆದರೆ ಮೊದಲಿನ ತುಂಡು ಎರಡನೆಯ ಸಲ ಕೈಗೆ ಬಂದಾಗ ಅವನು ಅಳೆದು ತಡವರಿಸಿದ. "ಮಾಲಕರೇ, ಮೊದಲ 24.34 ಬರದೇನ್ರಿ, ಈಗ 24.28 ಬರಾಕತ್ತೇತಿ. ಒಂದು ತಪ್ಪೇತಿ. ಇನ್ನೊಮ್ಮೆ ನೋಡ್ಲೇನ್ರಿ?" ಎಂದು ಕೇಳಿದ. ಯಜಮಾನರು ನನ್ನತ್ತ ತಿರುಗಿ ನೋಡಿದರು. ಅವನ ಅರ್ಧ ಪುಟದ ಬರಹದಲ್ಲಿ ಆರು ಸಾಲುಗಳಿದ್ದವು, ಮೂರು ಕಾಗುಣಿತದ ತಪ್ಪುಗಳಿದ್ದವು. ನಾನು ತಿದ್ದಲಿಲ್ಲ.

ಅವನು ಸೇರಿ ಈಗ ಐದು ತಿಂಗಳಾಗಿದೆ. ನಾಲ್ಕನೆಯ ತಿಂಗಳ ಮೊದಲ ವಾರದಲ್ಲಿ ಗಿರಾಕಿಗಳ ಅವಸರದಿಂದಾಗಿ ಅವನಿಗೆ ಲೇಥ್ ಕೊಡುವುದು ಮುಂದಕ್ಕೆ ಹೋಯಿತಂತೆ. ಎರಡು ವಾರ ಕಾದ ಅವನು ಗೋಡೆಗೆ ಹಚ್ಚಿದ್ದ ಪ್ರಕಟಣೆಯ ಪ್ರತಿಯನ್ನು ಹಿರಿಯ ಟರ್ನರಿಗೆ ಮೆಲ್ಲನೆ ತೋರಿಸಿದನಂತೆ. ಮರುದಿನ ಬೆಳಿಗ್ಗೆ ಮೂರನೆಯ ಲೇಥಿನ ಮೇಲೆ ಅವನಿಗಾಗಿ ಒಂದು ಗುಜರಿ ತುಂಡನ್ನು ಬಿಗಿಯಲಾಯಿತು. ಇದನ್ನು ನನಗೆ ಹೇಳಿದವರು ಯಜಮಾನರೇ. ಹೇಳುವಾಗ ಅವರಿಗೆ ಸ್ವಲ್ಪ ಸಂಕೋಚವೂ ಆಗಿತ್ತು, ಸಂತೋಷವೂ ಆಗಿತ್ತು.

ನಮ್ಮ ಓದುಗರಲ್ಲಿ ಇಂಥ ಚಿಕ್ಕ ಕಾರ್ಖಾನೆಗಳನ್ನು ನಡೆಸುವವರು ಅನೇಕರಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕಳಿಸುವವರು ಇನ್ನೂ ಹೆಚ್ಚು ಇದ್ದಾರೆ. ಮೊದಲಿನವರು ಪ್ರಕಟಣೆ ಬರೆಯುವಾಗ, ಯಾರು ಕಲಿಸುತ್ತಾರೆ ಮತ್ತು ಆ ಹೊತ್ತಿನ ಕೂಲಿಯನ್ನು ಅವರಿಗೆ ಯಾರು ಕೊಡುತ್ತಾರೆ ಎಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳಲಿ. ಎರಡನೆಯವರು ಅದನ್ನು ಓದುವಾಗ, ಯಾವ ತಿಂಗಳಲ್ಲಿ ಯಾವ ಕೆಲಸ ಕೈಗೆ ಬರುತ್ತದೆಂದು ಅದರಲ್ಲಿ ಬರೆದಿದೆಯೇ ಎಂದು ನೋಡಲಿ. ಬರೆದಿರದಿದ್ದರೆ ಐ.ಟಿ.ಐ. ಪ್ರವೇಶದ ಕೊನೆಯ ದಿನಾಂಕ ದಾಟುವ ಮೊದಲೇ ಹೋಗಿ ಕೇಳಲಿ.

ಶರಣು.